ಇಪ್ಪತ್ನಾಲ್ಕರಿಂದ ಇಪ್ಪತ್ತೇಳು

ಚಿಕ್ಕಮಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಗಳಾಗಿದ್ದವು. ಕಂಪ್ಯೂಟರ್ ವಿಭಾಗಕ್ಕೆ ಪಾಠ ಮಾಡುವವರು ಸಾಕಷ್ಟು ಸಿಗುತ್ತಿರಲಿಲ್ಲ, ಹಾಗಾಗಿ ನನ್ನಂಥವಳಿಗೂ ಲೆಕ್ಚರರ್ ಕೆಲಸ ಸಿಕ್ಕಿತ್ತು. ಅದೂ ವರ್ಷದ ಮಟ್ಟಿಗೆ ಮಾತ್ರ. ಆ ವರ್ಷವಿಡೀ ನಾನು ಹೆದರಿಕೊಂಡೇ ಪಾಠ ಮಾಡಿದೆ. ಬೋರ್ಡಿಗೆ ಮುಖ ಮಾಡಿ ಬರೆಯುವಾಗ, ಹಿಂದಿನಿಂದ ಯಾರಾದರೂ ಎದ್ದು ತಪ್ಪು ಅಂದುಬಿಟ್ಟರೆ ಎಂದು ಬೆನ್ನು ಬಿಗಿಯಾಗುತ್ತಿತ್ತು.

ನನ್ನ ಪಾಲಿಗೆ ಬಂದ ವಿಷಯ ಡೇಟಾ ಸ್ಟ್ರಕ್ಚರ್ಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ಬಗೆಗಳು. ಅದರ ಲ್ಯಾಬಿನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಹಲವು ಪಟ್ಟಿಗಳಿವೆ. ಪ್ರತಿ ಪಟ್ಟಿಯಿಂದ ಕನಿಷ್ಠ ಒಂದು ಸಂಖ್ಯೆಯಾದರೂ ಒಳಗೆ ಬರುವಂಥ ಅತಿ ಸಣ್ಣ ವ್ಯಾಪ್ತಿ ಯಾವುದು? ಮಕ್ಕಳಿಗೆ ಬಸ್ಸಿನ ಲೆಕ್ಕದಲ್ಲಿ ಹೇಳಿದ್ದೆ. ಮೂಡಿಗೆರೆ ಕಡೆಯ ಬಸ್ಸುಗಳು, ಕಳಸದ ಕಡೆಯವು, ಕಡೂರಿನ ಕಡೆಯವು ಸ್ಟ್ಯಾಂಡಿಗೆ ಬರುವ ಹೊತ್ತುಗಳ ಮೂರು ಪಟ್ಟಿಗಳಿವೆ ಅಂದುಕೊಳ್ಳಿ. ಮೂರೂ ಕಡೆಯಿಂದ ಒಂದೊಂದು ಬಸ್ಸು ಬಂದು ಮುಟ್ಟುವ ಅತಿ ಕಡಿಮೆ ಅವಧಿಯನ್ನು ಹುಡುಕಬೇಕು.

ಮಾಡುವ ಕ್ರಮ ಕಷ್ಟದ್ದಲ್ಲ. ಪ್ರತಿ ಪಟ್ಟಿಯ ಮೊದಲ ಸಂಖ್ಯೆಯನ್ನು ಹೀಪಿಗೆ ಹಾಕುವುದು. ಹೀಪ್ ಅಂದರೆ ಅತಿ ಚಿಕ್ಕದು ಸದಾ ತುದಿಯಲ್ಲೇ ಸಿಗುವಂತೆ ಜೋಡಿಸಿಟ್ಟ ರಾಶಿ. ಇದುವರೆಗೆ ಒಳಗೆ ಬಂದದ್ದರಲ್ಲಿ ಅತಿ ದೊಡ್ಡದನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುವುದು. ತುದಿಯದಕ್ಕೂ ಅದಕ್ಕೂ ಇರುವ ಅಂತರವೇ ಆ ಹೊತ್ತಿನ ವ್ಯಾಪ್ತಿ. ಆಮೇಲೆ ತುದಿಯದನ್ನು ತೆಗೆದು, ಅದು ಯಾವ ಪಟ್ಟಿಯದೋ ಅದೇ ಪಟ್ಟಿಯ ಮುಂದಿನ ಸಂಖ್ಯೆಯನ್ನು ಹಾಕುವುದು. ಹೀಗೆ ಹೋಗುತ್ತ ಅತಿ ಸಣ್ಣ ಅಂತರವನ್ನು ಬರೆದಿಟ್ಟುಕೊಳ್ಳುವುದು. ಎಲ್ಲಿ ನಿಲ್ಲಬೇಕು ಎಂಬುದೊಂದೇ ಜಾಗ್ರತೆ ಬೇಕಾದ ಜಾಗ.

ಲ್ಯಾಬ್ ಪರೀಕ್ಷೆಯ ದಿನ ಬೆಳಗಿನ ತಂಡದಲ್ಲಿ ನಾಲ್ವರಿಗೆ ಈ ಪ್ರಶ್ನೆ ಬಂತು. ನಾನೇ ತಯಾರಿಸಿದ ಹಾಳೆಯಲ್ಲಿ ಕಂಪ್ಯೂಟರಿಗೆ ಕೊಡಬೇಕಾದ ಸಂಖ್ಯೆಗಳೂ ಬರಬೇಕಾದ ಉತ್ತರವೂ ಇದ್ದವು, ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ. ನಾಲ್ವರ ಪರದೆಯಲ್ಲೂ ಮೂರರಿಂದ ಎಂಟು ಎಂದು ಬಂತು. ಹಾಳೆಯಲ್ಲೂ ಮೂರರಿಂದ ಎಂಟು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಟಿಕ್ ಹಾಕುತ್ತ ಹೋದರು.

ಮಧ್ಯಾಹ್ನದ ತಂಡದಲ್ಲಿ ಒಬ್ಬಳಿಗೆ ಮಾತ್ರ ಅದೇ ಪ್ರಶ್ನೆ ಬಂತು. ಬಣಕಲ್ಲಿನ ಹುಡುಗಿ. ಅವಳ ತಂದೆಗೆ ರಸ್ತೆ ಬದಿಯಲ್ಲಿ ಜೀಪು ರಿಪೇರಿ ಮಾಡುವ ಗ್ಯಾರೇಜಿತ್ತು. ಮಾತು ಕಡಿಮೆ. ಅವಳ ಪರದೆಯಲ್ಲಿ ಇಪ್ಪತ್ನಾಲ್ಕರಿಂದ ಇಪ್ಪತ್ತೇಳು ಎಂದಿತ್ತು.

ಪರೀಕ್ಷಕರು ಹಾಳೆ ನೋಡಿ, ಉತ್ತರ ತಾಳೆಯಾಗುತ್ತಿಲ್ಲ, ಇನ್ನು ಇಪ್ಪತ್ತು ನಿಮಿಷವಿದೆ, ಸರಿಮಾಡು ಎಂದರು. ಅವಳು ಎದ್ದು ನಿಂತಳು.

"ಸರ್, ಇದೇ ಸರಿ ಅನ್ಸುತ್ತೆ," ಎಂದಳು.

"ಹಾಳೆಯಲ್ಲಿ ಬೇರೆ ಇದೆಯಲ್ಲಮ್ಮ," ಎಂದು ಅವರು ಮುಂದಿನ ಮೇಜಿಗೆ ಹೋದರು.

ಅವಳು ನನ್ನ ಕಡೆ ನೋಡಿದಳು. ನಾನು ಹಾಳೆಯತ್ತ ನೋಡಿದೆ. ಮೂರು ಸಾಲುಗಳು ಇದ್ದವು: ಮೂರು, ಹನ್ನೊಂದು, ಇಪ್ಪತ್ತೈದು, ಮೂವತ್ತೊಂದು. ಆರು, ಹದಿನಾಲ್ಕು, ಇಪ್ಪತ್ನಾಲ್ಕು. ಎಂಟು, ಹತ್ತೊಂಬತ್ತು, ಇಪ್ಪತ್ತೇಳು, ನಲವತ್ತು. ಮೂರರಿಂದ ಎಂಟಕ್ಕೆ ಅಂತರ ಐದು. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತೇಳು ಒಂದೊಂದು ಸಾಲಿನಲ್ಲೂ ಕಣ್ಣೆದುರೇ ಇದ್ದವು. ಅಂತರ ಬರೀ ಮೂರು.

ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದೊಂದೇ ಹೆಜ್ಜೆ ಹಾಕಿದೆ. ಹದಿನಾಲ್ಕನ್ನು ತೆಗೆದಾಗ ಎರಡನೆಯ ಸಾಲಿನ ಕೊನೆಯದಾದ ಇಪ್ಪತ್ನಾಲ್ಕು ಒಳಗೆ ಬರುತ್ತದೆ. ನಾನು ತರಗತಿಯಲ್ಲಿ ಬರೆಸಿದ್ದ, ಹಾಳೆಯ ಉತ್ತರವನ್ನೂ ಅದರಿಂದಲೇ ತೆಗೆದಿದ್ದ ಪ್ರೋಗ್ರಾಂ ಅಲ್ಲೇ, ಕೊನೆಯದು ಬಂತೆಂದು ನಿಂತುಬಿಡುತ್ತಿತ್ತು. ನಿಲ್ಲಬಾರದು. ಇನ್ನೊಂದು ಹೆಜ್ಜೆ ಹೋಗಿ ಹತ್ತೊಂಬತ್ತನ್ನು ತೆಗೆದು ಇಪ್ಪತ್ತೇಳನ್ನು ತಂದರೆ ಉತ್ತರ ಸಿಗುತ್ತದೆ. ತುದಿಗೆ ಬಂದ ಇಪ್ಪತ್ನಾಲ್ಕನ್ನೇ ತೆಗೆಯಬೇಕಾಗಿ ಬಂದು, ಅದರ ಬದಲಿಗೆ ಆ ಸಾಲಿನಲ್ಲಿ ಏನೂ ಉಳಿದಿಲ್ಲದಾಗ ನಿಲ್ಲಬೇಕಾದ್ದು. ತರಗತಿಯಲ್ಲಿ ನಾನು ತೋರಿಸಿದ್ದ ಲೆಕ್ಕದಲ್ಲಿ ಸಣ್ಣ ಅಂತರ ಮೊದಲೇ ಬಂದಿದ್ದರಿಂದ ತಪ್ಪು ಕಂಡಿರಲಿಲ್ಲ. ಇಡೀ ತರಗತಿ ನನ್ನ ತಪ್ಪನ್ನೇ ಬಾಯಿಪಾಠ ಮಾಡಿಕೊಂಡು ಬಂದಿತ್ತು. ಬೆಳಗಿನ ನಾಲ್ವರೂ ಅದನ್ನೇ ಬರೆದಿದ್ದರು.

ಆಗ ನನಗೆ ಬಂದ ಮೊದಲ ಯೋಚನೆಯನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಆ ಹುಡುಗಿಗೆ ನನ್ನ ಪ್ರೋಗ್ರಾಂ ಗೊತ್ತಿತ್ತು. ಅದರಂತೆ ಬದಲಿಸಿದರೆ ಅವಳಿಗೂ ಮೂರರಿಂದ ಎಂಟು ಬರುತ್ತದೆ, ಅಂಕವೂ ಬರುತ್ತದೆ. ನನ್ನ ಕೆಲಸವೂ ಉಳಿಯುತ್ತದೆ. ಹೇಳಿದರೆ ಮುಖ್ಯಸ್ಥರ ಸಹಿ ಇರುವ ಹಾಳೆ ತಪ್ಪು ಎಂದಾಗುತ್ತದೆ, ಅದೂ ಹೊರಗಿನವರೆದುರು. ಬರುವ ವರ್ಷ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ?

ಅಷ್ಟರಲ್ಲಿ ಅವಳು ಕುಳಿತು ಬದಲಿಸಲು ಶುರುಮಾಡಿದ್ದಳು. ಹಿಂದೆ ಹೋಗಿ ನಿಂತೆ. ಅವಳ ಕರ್ಸರ್ ಸರಿಯಾಗಿ, ಎಲ್ಲಿ ನಿಲ್ಲಬೇಕೆಂದು ಹೇಳುವ ಸಾಲಿನ ಮೇಲೇ ಇತ್ತು. ಸರಿಯಿದ್ದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಿದ್ದಳು.

"ಅಳಿಸಬೇಡ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಮೊದಲು ಇದ್ದ ಹಾಗೇ ಹಾಕು. ನಿನ್ನದು ಸರಿ. ತಪ್ಪು ನಂದು."

ಅವಳು ತಿರುಗಿ ನೋಡಲಿಲ್ಲ. ಅಳಿಸಿದ್ದನ್ನು ಮತ್ತೆ ಟೈಪ್ ಮಾಡಿದಳು.

ಹಾಳೆ ಹಿಡಿದು ಪರೀಕ್ಷಕರ ಬಳಿಗೆ ಹೋದೆ. ಪೆನ್ಸಿಲಿನ ಲೆಕ್ಕ ಅವರ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು. ಬೆಳಗ್ಗೆ ನಾಲ್ಕು ಸಲ ಟಿಕ್ ಹಾಕಿದವರು ಅವರೇ ಎಂಬುದು ನನಗೆ ಆಮೇಲೆ ಹೊಳೆಯಿತು. ನಿಮ್ಮ ಮುಖ್ಯಸ್ಥರನ್ನು ಕರೆಯಿರಿ ಎಂದರು.

ಮುಖ್ಯಸ್ಥರು ಗೋಣಿಬೀಡು ಕಡೆಯ ತೋಟದ ಮನೆಯವರು, ಸಿಟ್ಟಿಗೆ ಹೆಸರಾದವರು. ಅಟೆಂಡರ್ ಅವರನ್ನು ಕರೆಯಲು ಹೋದ ಆ ಐದು ನಿಮಿಷದಲ್ಲಿ ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಬೇಕೆಂದು ವಾಕ್ಯವನ್ನೂ ಜೋಡಿಸಿಕೊಂಡಿದ್ದೆ. ಅವರು ಬಂದು ಹಾಳೆ ನೋಡಿದರು.

"ಎಂತಮ್ಮ ಇದು, ಕಣ್ಣಲ್ಲೇ ಕಾಣ್ತದಲ್ಲ," ಎಂದರು. ಮೆಲ್ಲಗೆ ಹೇಳಿದ್ದರಿಂದ ಇನ್ನೂ ಭಯವಾಯಿತು. "ನಾನೂ ನೋಡದೆ ಸಹಿ ಹಾಕಿದ್ದೀನಿ ಬಿಡಿ."

ಇಬ್ಬರೂ ಮೂಲೆಗೆ ಹೋಗಿ ಮಾತಾಡಿಕೊಂಡರು. ಹುಡುಗಿಗೆ ಪೂರ್ತಿ ಅಂಕ. ಬೆಳಗಿನ ನಾಲ್ವರು ಕಲಿಸಿದ್ದನ್ನೇ ಬರೆದಿದ್ದರಿಂದ ಅವರ ಅಂಕ ಕಡಿಮೆ ಮಾಡುವುದು ಬೇಡ ಎಂದಾಯಿತು. ನಾನು ತಪ್ಪನ್ನು ಬರೆದು ಸಹಿ ಹಾಕಿ ಕೊಡಬೇಕಿತ್ತು, ಕೊಟ್ಟೆ. ಅಕ್ಷರ ಸೊಟ್ಟಗಾಗಿತ್ತು.

ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಪರೀಕ್ಷಕರು ಅವಳನ್ನು, ತರಗತಿಯಲ್ಲಿ ಹೇಳಿದಂತೆ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಅವಳು ತಲೆ ತಗ್ಗಿಸಿಕೊಂಡೇ ಉತ್ತರಿಸಿದಳು.

"ಕೊನೇ ಬಸ್ಸು ಸ್ಟ್ಯಾಂಡಿಗೆ ಬಂದ್ರೆ ಆಯ್ತಾ ಸರ್? ಅದು ಹೊರಡೋ ತನಕ ಬೇರೆ ಕಡೆ ಬಸ್ಸು ಬರ್ಬೋದಲ್ವಾ. ಅದಕ್ಕೆ ಕಾಯೋ ಹಾಗೆ ಬರ್ದೆ."

ನನ್ನ ಕೆಲಸ ಹೋಗಲಿಲ್ಲ. ಆದರೆ ಅದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಮುಖ್ಯಸ್ಥರ ಕೋಣೆಯ ಮುಂದೆ ಹಾದುಹೋಗುವಾಗ ಹೆಜ್ಜೆಸಪ್ಪಳ ಕೇಳಿಸದಂತೆ ನಡೆಯುತ್ತಿದ್ದೆ. ಪರೀಕ್ಷೆ ಮುಗಿದ ಕೂಡಲೇ ಆ ತರಗತಿಯನ್ನೇ ಮತ್ತೆ ಕೂರಿಸಿ, ಬೋರ್ಡಿನಲ್ಲಿ ಹಳೆಯ ಸಾಲು ಬರೆದು, ಇದು ತಪ್ಪು, ನಾನು ಹೇಳಿಕೊಟ್ಟದ್ದು ಎಂದು ಹೇಳಿದೆ. ಯಾರೂ ನಗಲಿಲ್ಲ. ಬೆಳಗಿನ ನಾಲ್ವರಲ್ಲಿ ಒಬ್ಬ ಮಾತ್ರ ಎದ್ದು, ಉಳಿದ ಪ್ರೋಗ್ರಾಂಗಳನ್ನೂ ಒಮ್ಮೆ ನೋಡಿ ಮೇಡಂ ಎಂದ. ಆ ವಾರವೆಲ್ಲ ಕೂತು ಹೆದರುತ್ತಲೇ ಒಂದೊಂದನ್ನೂ ಪೆನ್ಸಿಲಿನಲ್ಲಿ ಮಾಡಿ ನೋಡಿದೆ. ಇನ್ನೂ ಎರಡು ತಪ್ಪು ಸಿಕ್ಕವು.