ಅಂದದ್ದನ್ನು ಅಂದ ಹಾಗೇ ಬರೆದ ದೂರು

ಪೀಣ್ಯದ ಎರಡನೇ ಹಂತದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ತಯಾರಾದ ಪೀಸುಗಳನ್ನು ಅಳೆದು, ಅಳತೆ ತಪ್ಪಿದ್ದನ್ನು ಬೇರೆ ಟ್ರೇಗೆ ಹಾಕುವುದು ನಮ್ಮ ಕೆಲಸ. ನಮ್ಮ ಮೇಜಿಗೆ ಆ ಹುಡುಗಿ ಬಂದು ವರ್ಷವೂ ಆಗಿರಲಿಲ್ಲ. ಯಾದಗಿರಿ ಕಡೆಯ ಹಳ್ಳಿಯವಳು, ಐಟಿಐ ಓದಿದ್ದಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮಾದನಾಯಕನಹಳ್ಳಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಕೈ ಬಹಳ ಚುರುಕು. ಮೈಕ್ರೋಮೀಟರ್ ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಬೆಳಗಿನ ಶಿಫ್ಟು ಶುರುವಾಗುವ ಮುಂಚೆ ಹತ್ತು ನಿಮಿಷ ಎಲ್ಲರೂ ಸಾಲಾಗಿ ನಿಲ್ಲಬೇಕು, ಒಬ್ಬರು ಹಿಂದಿನ ದಿನದ ಲೆಕ್ಕ ಓದಬೇಕು. ಒಬ್ಬೊಬ್ಬರಿಗೆ ಒಂದೊಂದು ತಿಂಗಳ ಸರದಿ. ಅವಳ ಸರದಿ ಬಂದ ಮೊದಲ ದಿನ ಹಾಳೆ ಹಿಡಿದು ಓದಿದಳು. "ನಿನ್ನಿ ಹನ್ನೆರಡು ಪೀಸ್ ರಿಜೆಕ್ಟ್ ಆಗ್ಯಾವ್ರಿ ಸರ."

ಸೂಪರ್‌ವೈಸರ್ ತಲೆ ಎತ್ತಿ, ಅವಳ ರಾಗವನ್ನೇ ಹಿಡಿದು, "ಆಗ್ಯಾವ್ರೀ ಸರಾ" ಎಂದ. ಎಲ್ಲರೂ ನಕ್ಕರು. ಅವಳೂ ನಾಚಿ ನಕ್ಕಳು. ಮರುದಿನವೂ ಅದೇ. ವಾರ ಕಳೆಯುವಷ್ಟರಲ್ಲಿ ಅವಳ ಹೆಸರೇ ಹೋಗಿ "ಆಗ್ಯಾವ್ರಿ" ಎಂದಾಯಿತು. ಕ್ಯಾಂಟೀನಿನ ಸಾಲಿನಲ್ಲಿ, ಗೇಟಿನಲ್ಲಿ, ಎಲ್ಲ ಕಡೆ. ಕೊನೆಗೊಂದು ದಿನ ಅವನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, "ಮೊದ್ಲು ಕನ್ನಡ ಕಲ್ತ್ಕೊಂಡು ಬಾಮ್ಮ, ಆಮೇಲೆ ಓದುವಂತೆ" ಎಂದ. ಅದಾಗಿ ಎರಡು ದಿನಕ್ಕೆ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಕಸ್ಟಮರ್ ಕಡೆಯವರು ಬಂದಾಗ ಅವಳ ಭಾಷೆ ಯಾರಿಗೂ ಅರ್ಥವಾಗುವುದಿಲ್ಲವಂತೆ. ಡಬ್ಬಕ್ಕೆ ಟೇಪು ಸುತ್ತುವ ಕೆಲಸ. ಆ ತಿಂಗಳು ತಪಾಸಣೆಯವರಿಗೆಂದು ನಡೆದ ಟ್ರೈನಿಂಗಿಗೂ ಅವಳ ಹೆಸರು ಬರಲಿಲ್ಲ.

ಪ್ಯಾಕಿಂಗಿಗೆ ಹೋದ ಮೂರನೇ ವಾರ ಊಟದ ಹೊತ್ತಿನಲ್ಲಿ ಅವಳು ನನ್ನ ಎದುರು ಬಂದು ಕೂತಳು. ಮಡಿಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು. ಕಾರ್ಖಾನೆಯ ಕುಂದುಕೊರತೆ ಸಮಿತಿಯಲ್ಲಿ ನಾನು ಕೆಲಸಗಾರರ ಕಡೆಯ ಸದಸ್ಯೆಯಾಗಿದ್ದೆ. ಆರು ಜನರ ಸಮಿತಿ. ಮೂವರು ಮ್ಯಾನೇಜ್‌ಮೆಂಟಿನವರು, ಮೂವರು ನಮ್ಮವರು. ಬರೆದು ಕೊಟ್ಟ ದೂರನ್ನು ಮೂವತ್ತು ದಿನದೊಳಗೆ ವಿಚಾರಿಸಿ ಮುಗಿಸಬೇಕು.

"ಇದು ನಡೀತೈತೇನು ನೋಡ್ರಿ ಅಕ್ಕಾರ" ಎಂದಳು.

ನಾಲ್ಕೇ ಸಾಲು. ಸೂಪರ್‌ವೈಸರ್ ಸರ್ ಬಹಳ ತ್ರಾಸ ಕೊಡುತ್ತಾರೆ, ಮಾತಿಗೆ ನಗುತ್ತಾರೆ, ಅವಮಾನ ಆಗಿದೆ, ನ್ಯಾಯ ಕೊಡಿಸಿ.

"ಇಷ್ಟಕ್ಕೆ ನಡೆಯಲ್ಲ ಕಣಮ್ಮ" ಎಂದೆ. "ತ್ರಾಸ ಅಂದ್ರೆ ಏನು ಅಂತ ಕೇಳ್ತಾರೆ. ಅವ್ರು ಏನಂದ್ರು, ಯಾವತ್ತು, ಎಲ್ಲಿ, ಯಾರು ಕೇಳಿಸ್ಕೊಂಡ್ರು, ಅದ್ರಿಂದ ನಿಂಗೆ ಏನಾಯ್ತು, ಎಲ್ಲಾ ಬೇಕು."

"ನಾಳಿ ಬರಿಯೂಣೇನ್ರಿ?"

ಮೂರು ದಿನ ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೂತೆವು. ಅವಳು ಹೇಳುವುದು, ನಾನು ಬರೆಯುವುದು. ನಾನು ಬೆಂಗಳೂರಲ್ಲೇ ಹುಟ್ಟಿದವಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಅವರ ಕ್ವಾರ್ಟರ್ಸಿನಲ್ಲಿ ಬೆಳೆದು, ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು. ಆ ಜಂಬದಲ್ಲೇ ಬರೆದೆ: "ಹನ್ನೆರಡು ಬಿಡಿಭಾಗಗಳು ತಿರಸ್ಕೃತವಾಗಿವೆ ಎಂದು ನಾನು ತಿಳಿಸಿದಾಗ ಮೇಲ್ವಿಚಾರಕರು ನನ್ನ ಮಾತನ್ನು ಅಣಕಿಸಿದರು." ಓದಿ ತೋರಿಸಿದೆ.

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ನನಗೆ ನೋವಾಗಬಾರದೆಂದು ಮೆಲ್ಲಗೆ ಅಂದಳು. "ಛಲೋ ಬರದೀರಿ ಅಕ್ಕಾರ. ಆದ್ರ ನಾ ಹಿಂಗ ಅಂದಿಲ್ರಿ. ನಾ ಹಿಂಗ ಮಾತಾಡಿದ್ರ ಅವರು ಯಾಕ ನಗತಿದ್ರು?"

ಆ ಹುಡುಗಿಯ ಮಾತನ್ನು ಸೂಪರ್‌ವೈಸರ್ ಆಡಿಕೊಂಡು ತಿದ್ದಲು ಹೊರಟಿದ್ದ. ನಾನು ಪ್ರೀತಿಯಿಂದಲೇ ತಿದ್ದಿಬಿಟ್ಟಿದ್ದೆ. ಹಾಳೆಯನ್ನು ಹರಿದು ಬೇರೆಯದನ್ನು ತೆಗೆದೆ. ಈ ಸಲ ಅವಳು ಅಂದದ್ದನ್ನು ಅಂದ ಹಾಗೇ ಬರೆದೆ, ಅವನು ಅಂದದ್ದನ್ನೂ ಅಂದ ಹಾಗೇ ಬರೆದೆ. "ಆಗ್ಯಾವ್ರಿ" ಎಂಬ ಅಡ್ಡಹೆಸರು ಯಾರ ಬಾಯಿಂದ ಮೊದಲು ಬಂತು, ಕನ್ನಡ ಕಲಿತುಕೊಂಡು ಬಾ ಎಂದದ್ದು ಯಾವ ದಿನ, ಪ್ಯಾಕಿಂಗಿಗೆ ಹೋಗು ಎಂದಾಗ ಕೊಟ್ಟ ಕಾರಣ ಏನು. ಕೆಲವು ದಿನಗಳು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. "ನೆನಪಿಲ್ಲಂತ ಬರೀರಿ, ಸುಳ್ಳು ಬ್ಯಾಡ" ಎಂದಳು.

ಮೂರನೇ ದಿನ ಸಾಕ್ಷಿಗಳ ಹೆಸರಿಗೆ ಬಂದೆವು.

"ಯಾರ್ಯಾರು ಕೇಳಿಸ್ಕೊಂಡ್ರು?"

ಅವಳು ಒಬ್ಬೊಬ್ಬರನ್ನೇ ಹೇಳಿದಳು. ಐದನೆಯ ಹೆಸರಾದ ಮೇಲೆ ನಿಲ್ಲಿಸಿ, ಊಟದ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಳು.

"ಇನ್ಯಾರು?"

"ನೀವೂ ಇದ್ರಿ ಅಕ್ಕಾರ."

ಇದ್ದೆ. ಮೊದಲ ದಿನ ಸಾಲಿನಲ್ಲಿ ಎರಡನೆಯವಳಾಗಿ ನಿಂತಿದ್ದೆ. ಎಲ್ಲರೂ ನಕ್ಕರು ಎಂದೆನಲ್ಲ, ಆ ಎಲ್ಲರಲ್ಲಿ ನಾನೂ ಒಬ್ಬಳು. ಕೆಟ್ಟ ಮನಸ್ಸಿನಿಂದ ನಕ್ಕಿರಲಿಲ್ಲ. ಬೆಳಗಿನ ಹೊತ್ತು, ಯಾರೋ ಏನೋ ಅಂದರು, ನಗು ಬಂತು. ಆದರೆ ಅವಳು ಅದನ್ನು ನೋಡಿದ್ದಳು. ನೋಡಿಯೂ ನನ್ನ ಹತ್ತಿರವೇ ಬಂದಿದ್ದಳು.

"ನಿಮ್ಮ ಹೆಸರು ಬಿಡೂಣ್ರಿ" ಎಂದಳು ಅವಳೇ. "ನಿಮಗ್ಯಾಕ ತ್ರಾಸ."

"ಬರಿ" ಎಂದು ಪೆನ್ನನ್ನು ಅವಳ ಕೈಗೆ ಕೊಟ್ಟೆ. "ನಾನೂ ಇದ್ದೆ, ನಾನೂ ನಕ್ಕೆ ಅಂತ ಬರಿ. ನಿನ್ ಕೈಯಲ್ಲೇ ಬರಿ."

ಬರೆಯುವಾಗ ಅವಳ ಕಣ್ಣು ತುಂಬಿತ್ತು. ನನ್ನದೂ. ಆಮೇಲೆ ತನ್ನ ಡಬ್ಬಿಯಿಂದ ಒಂದು ತುಂಡು ರೊಟ್ಟಿ, ಶೇಂಗಾ ಚಟ್ನಿಯನ್ನು ನನ್ನ ತಟ್ಟೆಗೆ ಹಾಕಿದಳು.

ಎರಡು ಪ್ರತಿ ಮಾಡಿಸಿಕೊಂಡು ಎಚ್‌ಆರ್ ಆಫೀಸಿಗೆ ಹೋದೆವು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಲುಪಿದೆ ಎಂದು ಸಹಿ, ತಾರೀಖು, ಸೀಲು ಹಾಕಿಸಿಕೊಳ್ಳಲು ನಾನೇ ಹೇಳಿಕೊಟ್ಟಿದ್ದೆ. ಅಲ್ಲಿನ ಅಧಿಕಾರಿ ಮೃದು ಮನುಷ್ಯ. ಪೂರ್ತಿ ಓದಿ ಅವಳನ್ನು ಕೇಳಿದರು. "ಜಾತಿ ವಿಷ್ಯ ಏನಾದ್ರೂ ಬಂತಾಮ್ಮ? ಜಾತಿ ಎತ್ತಿ ಬೈದಿದ್ರೆ ಅದು ಬೇರೆ ಕಾನೂನು. ನಮ್ಮ ಸಮಿತಿಗೇ ಮುಗಿಯಲ್ಲ, ನೀನು ಪೊಲೀಸ್ ಸ್ಟೇಷನ್ನಿಗೂ ಹೋಗಬಹುದು. ಹೆದರ್ಕೋಬೇಡ, ಇದ್ರೆ ಹೇಳು."

ಅವಳು ಯೋಚಿಸಿ ಹೇಳಿದಳು. "ಜಾತಿ ಕೇಳಿಲ್ರಿ ಸರ. ಊರು ಕೇಳಿದ್ರು, ಮಾತಿಗಿ ನಕ್ಕರು. ಆಗಿದ್ದಷ್ಟ ಇರ್ಲ್ರಿ."

ಅವರು ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಮೇಡಂ, ನೀವು ಸಾಕ್ಷಿ ಆದ್ರೆ ಈ ಕೇಸಲ್ಲಿ ಸಮಿತೀಲಿ ಕೂರೋಕಾಗಲ್ಲ. ಎರಡರಲ್ಲಿ ಒಂದು."

ಒಂದು ಗಳಿಗೆ ಹಿಂಜರಿದೆ. ಒಳಗೆ ಕೂತರೆ ಅವಳ ಪರವಾಗಿ ಮಾತಾಡಬಹುದಿತ್ತು. ಆದರೆ ಅವಳ ಮಾತಿಗೆ ಸಾಕ್ಷಿ ಹೇಳಲು ಉಳಿದ ಐವರಲ್ಲಿ ಯಾರು ಬರುತ್ತಾರೋ ಗೊತ್ತಿರಲಿಲ್ಲ. ಸಾಕ್ಷಿಯಾಗಿಯೇ ಇರುತ್ತೇನೆ ಎಂದೆ. ನನ್ನ ಜಾಗಕ್ಕೆ ಜೋಡಣೆ ವಿಭಾಗದ ಇನ್ನೊಬ್ಬ ಹೆಂಗಸನ್ನು ಕೂರಿಸಿದರು.

ವಿಚಾರಣೆ ಎರಡು ವಾರದ ಮೇಲೆ ಮಹಡಿಯ ಮೀಟಿಂಗ್ ರೂಮಿನಲ್ಲಿ ನಡೆಯಿತು. ಮೊದಲು ಅವಳನ್ನು, ಆಮೇಲೆ ಸೂಪರ್‌ವೈಸರನ್ನು, ಆಮೇಲೆ ಸಾಕ್ಷಿಗಳನ್ನು ಕರೆದರು. ಐವರಲ್ಲಿ ಇಬ್ಬರು ಬಂದರು. ಮೂವರು ನೆನಪಿಲ್ಲ ಎಂದು ಬರೆದುಕೊಟ್ಟಿದ್ದರು. ಒಳಗೆ ಏನಾಯಿತೆಂದು ಅವಳೇ ಹೊರಗೆ ಬಂದು ಹೇಳಿದಳು. ಅವನು ತಮಾಷೆಗೆ ಅಂದೆ ಎಂದನಂತೆ. ಕಸ್ಟಮರಿಗೆ ಅರ್ಥವಾಗಲಿಲ್ಲ ಎಂದು ಯಾವ ಕಸ್ಟಮರ್ ಬರೆದುಕೊಟ್ಟಿದ್ದಾರೆ ಎಂದು ಸಮಿತಿ ಕೇಳಿದ್ದಕ್ಕೆ ಹಾಗೆ ಯಾರೂ ಕೊಟ್ಟಿಲ್ಲ ಎಂದನಂತೆ. ಅವಳ ತಪಾಸಣೆಯ ಹಾಳೆಗಳನ್ನು ತರಿಸಿ ನೋಡಿದರಂತೆ. ಒಂದು ತಪ್ಪೂ ಸಿಗಲಿಲ್ಲ.

ನನ್ನ ಸರದಿ ಬಂದಾಗ ಮ್ಯಾನೇಜ್‌ಮೆಂಟ್ ಕಡೆಯವರೊಬ್ಬರು ಕೇಳಿದರು. "ನೀವೇ ನಕ್ಕಿದೀರ ಅಂತಿದೆ. ಅಂದ್ಮೇಲೆ ಅದು ತಮಾಷೆನೇ ಅಲ್ವಾ?"

"ನಮಗೆ ತಮಾಷೆ ಸಾರ್" ಎಂದೆ. "ದಿನಾ ಅಲ್ಲಿ ನಿಂತು ಓದ್ಬೇಕಾಗಿದ್ದು ಅವಳು. ನಾನು ಒಂದಿನ ನಕ್ಕು ಸುಮ್ನಾದೆ. ಅವಳನ್ನ ಪ್ಯಾಕಿಂಗಿಗೆ ಹಾಕಿದ್ರು."

ಮೂವತ್ತು ದಿನ ತುಂಬುವ ಮೊದಲೇ ತೀರ್ಮಾನ ಬರವಣಿಗೆಯಲ್ಲಿ ಬಂತು. ಅವಳನ್ನು ತಪಾಸಣೆಗೆ ವಾಪಸ್ ಹಾಕಬೇಕು, ಮುಂದಿನ ಟ್ರೈನಿಂಗಿಗೆ ಕಳಿಸಬೇಕು, ಮಾತನ್ನೋ ಊರನ್ನೋ ಹಿಡಿದು ಯಾರನ್ನೂ ಆಡಿಕೊಳ್ಳಕೂಡದು, ಸೂಪರ್‌ವೈಸರಿಗೆ ಲಿಖಿತ ಎಚ್ಚರಿಕೆ. ತಪ್ಪಿಹೋದ ಟ್ರೈನಿಂಗು ಮಾತ್ರ ಮತ್ತೆ ಆಗಲು ಏಳೆಂಟು ತಿಂಗಳು ಹಿಡಿಯಿತು. ಅವನು ನಮ್ಮ ವಿಭಾಗದಲ್ಲೇ ಉಳಿದ. ಕೆಲವರು ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು.

ಒಂದು ಸಂಜೆ ಪಂಚಿಂಗ್ ಮಾಡಿ ಹೊರಡುವಾಗ ಸೂಪರ್‌ವೈಸರ್ ನನ್ನ ಪಕ್ಕ ಬಂದು ನಿಂತ. ಅವನದು ಆಂಧ್ರದ ಗಡಿ ಹತ್ತಿರದ ಊರು, ಮನೆಯಲ್ಲಿ ತೆಲುಗು. "ನಾನು ಇಲ್ಲಿ ಸೇರಿದಾಗ ನನ್ ಮಾತಿಗೂ ನಗ್ತಿದ್ರು ಮೇಡಂ" ಎಂದ. "ಎರಡು ವರ್ಷ ನಕ್ಕಿದಾರೆ. ಆಗ ಯಾರೂ ಬರ್ಕೊಡ್ಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ ಸಾರ್" ಎಂದೆ. ಆಗಲೂ ನಾನು ಅಲ್ಲೇ ಇದ್ದೆ ಎಂಬುದು ಬಸ್ ಸ್ಟಾಪಿಗೆ ನಡೆಯುವಾಗ ನೆನಪಾಯಿತು.

ಆ ದಿನ ತುಮಕೂರು ರಸ್ತೆಯ ಬಸ್ಸಿನಲ್ಲಿ ಹುಡುಗಿಗೆ ನನ್ನ ಪಕ್ಕದಲ್ಲೇ ಸೀಟು ಸಿಕ್ಕಿತು. ಫೋನು ಬಂತು. ಪ್ಯಾಕಿಂಗಿನಲ್ಲಿದ್ದಷ್ಟು ದಿನ ಬಸ್ಸಿನಲ್ಲಿ ಫೋನು ಬಂದರೆ ಕಟ್ ಮಾಡಿಬಿಡುತ್ತಿದ್ದಳು. ಇಳಿದು ಮನೆ ಸೇರಿದ ಮೇಲೆ ಮಾತಾಡುತ್ತಿದ್ದಳು. ಅಂದು ಎತ್ತಿದಳು. ಗದ್ದಲದಲ್ಲಿ ಕೇಳಿಸಲೆಂದು ಗಟ್ಟಿಯಾಗಿಯೇ ಮಾತಾಡಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಗಮನಿಸಲಿಲ್ಲ. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ಯಾರು, ಅಮ್ಮಾನಾ?" ಎಂದು ಕೇಳಿದೆ.

"ಹೌದ್ರಿ. ಅವ್ವ."

"ಏನಂದ್ರು?"

"ಏನಿಲ್ರಿ" ಎಂದು ನಕ್ಕಳು. "ಎಮ್ಮಿ ಕರ ಹಾಕೈತಂತ. ಗಿಣ್ಣ ತಿನ್ನಾಕ ಬಾ ಅಂತಾಳ."