ಚನ್ನಬಸವಣ್ಣ ಒಮ್ಮೆ ಅಂದ ‘ಸಾಕು’

ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಸ್ಟುಡಿಯೋ, ಅದರ ಪಕ್ಕದಲ್ಲೇ ಚನ್ನಬಸವಣ್ಣನ ಅಂಗಡಿ. ಮೊದಲು ಎಸ್ಟೇಟ್‌ಗಳ ಬೋರ್ಡ್ ಬರೆಯುತ್ತಿದ್ದ, ಆಮೇಲೆ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುತ್ತಿದ್ದ. ಅವನಷ್ಟು ತಲೆ ತಿನ್ನುವ ಮನುಷ್ಯನನ್ನು ನಾನು ಕಂಡಿಲ್ಲ. ಗಿರಾಕಿ ಪ್ರೂಫ್ ನೋಡಿ “ಸಾಕು ಬಿಡಿ” ಅಂದರೂ ಇವನು “ಸಾಲ್ದು” ಅನ್ನುವವನು. ಬೆನ್ನ ಹಿಂದೆ ಊರೆಲ್ಲ ಅವನನ್ನು ‘ಸಾಲ್ದು ಚನ್ನಬಸವ’ ಅಂತಲೇ ಕರೆಯುತ್ತಿತ್ತು. ಎದುರಿಗೆ ಕರೆಯುವವನು ನಾನೊಬ್ಬನೇ.

ಕುದುರೆಮುಖದಲ್ಲಿ ಗಣಿ ನಿಂತ ಮರುವರ್ಷ ಕಳಸದಿಂದ ಒಬ್ಬ ಹೆಂಗಸು ಬಂದರು. ಹೆಸರು ವಸಂತಮ್ಮ. ಗಂಡ ರಂಗನಾಥ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವರು. ಕೆಲಸ ಹೋದ ಮೇಲೆ ಹೆಂಡತಿಯ ತವರಿನಲ್ಲಿದ್ದರು. ಅಲ್ಲಿ ಯಾರೋ ಊಟದ ಹೊತ್ತಿಗೆ ಏನೋ ಅಂದರಂತೆ, ತಟ್ಟೆ ಬಿಟ್ಟು ಎದ್ದವರು ಮತ್ತೆ ಬರಲಿಲ್ಲ. ಪೊಲೀಸರಿಗೆ ಹೇಳಿ ಆಗಿತ್ತು. ಕೊನೆಗೆ ವಸಂತಮ್ಮ ತಾವೇ ಒಂದು ಪೋಸ್ಟರ್ ಬರೆದು ಕಳಸದ ಬಸ್‌ಸ್ಟ್ಯಾಂಡ್ ಗೋಡೆಗೆ ಅಂಟಿಸಿದ್ದರು. ಅವರ ತಮ್ಮ ಕುಮಾರ್ ಅದರ ಫೋಟೋ ತೆಗೆದಿದ್ದ, ನಾನು ಪ್ರಿಂಟ್ ಹಾಕಿಕೊಟ್ಟೆ. ಇಂಥದ್ದೇ ಇನ್ನಷ್ಟು ಬರೆದು ಮೂಡಿಗೆರೆ, ಚಿಕ್ಕಮಗಳೂರಲ್ಲಿ ಅಂಟಿಸಬೇಕು, ಅದಕ್ಕೆ ಮೊದಲು ತಿಳಿದವರಿಗೆ ತೋರಿಸಬೇಕು ಅನ್ನುವುದು ಅವರ ಆಸೆ. ನನ್ನ ಕರ್ಮ, ಪಕ್ಕದಂಗಡಿಗೆ ಕರೆದುಕೊಂಡು ಹೋದೆ.

“ಇಷ್ಟು ಸಾಕಾ ನೋಡಿ,” ಅಂತ ಫೋಟೋ ಕೊಟ್ಟರು. ಕೇಳಿದ್ದು ಅಷ್ಟೇ.

ಚನ್ನಬಸವಣ್ಣ ಫೋಟೋವನ್ನು ಕೈ ಚಾಚಿ ದೂರ ಹಿಡಿದ. “ಬಸ್ಸಲ್ಲಿ ಕೂತೋರಿಗೆ ನಿಮ್ ಪೋಸ್ಟರ್ ಇಷ್ಟೇ ಕಾಣೋದಮ್ಮ. ಇದ್ರಲ್ಲಿ ಏನು ಓದಕ್ಕಾಗತ್ತೆ ಹೇಳಿ? ಕಾಣೋದು ಬಳ್ಳಿ ಒಂದೇ.” ಪೋಸ್ಟರಿನ ಸುತ್ತ ವಸಂತಮ್ಮ ಹೂಬಳ್ಳಿಯ ಅಂಚು ಬಿಡಿಸಿದ್ದರು. “ಇದು ಲಗ್ನಪತ್ರಿಕೆ ಅಲ್ಲ.”

ನನಗೆ ರೇಗಿತು. “ಸ್ವಲ್ಪ ನಿಧಾನ ಮಾರಾಯ,” ಅಂದೆ. ಅವನು ನಿಲ್ಲಿಸಬೇಕಲ್ಲ! ಅಕ್ಷರ ಓರೆಯಾಗಿರುವುದು, ನಡುವೆ ಬೆಳ್ಳಗಾಗಿರುವುದು ಅವರ ತಪ್ಪಲ್ಲ, ಕುಮಾರ್ ಪಕ್ಕದಲ್ಲಿ ನಿಂತು ಫ್ಲಾಶ್ ಹೊಡೆದಿದ್ದಾನೆ ಅಂತ ಅದನ್ನು ಬಿಟ್ಟ. ಮಿಕ್ಕಿದ್ದು ಯಾವುದನ್ನೂ ಬಿಡಲಿಲ್ಲ. ಮೂರು ಬಣ್ಣ ಯಾಕೆ? ಹಳದಿ ಬಿಳಿ ಹಾಳೆ ಮೇಲೆ ಕಾಣುವುದಿಲ್ಲ, ಕೆಂಪು ಸ್ಕೆಚ್‌ಪೆನ್ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಎಲ್ಲಾ ಸಾಲಿಗೂ ಅಡಿಗೆರೆ ಎಳೆದರೆ ಮುಖ್ಯವಾದದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ಸಾಲುಗಳ ನಡುವೆ ಜಾಗವೇ ಇಲ್ಲ, ‘ಕಾಣೆಯಾಗಿದ್ದಾರೆ’ಯ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಂಡಿದೆ. ಮುಖ ಕೆಳಗೆ ಮೂಲೆಯಲ್ಲಿ, ಹೆಬ್ಬೆಟ್ಟಿನಷ್ಟು. ಅದು ಮೇಲೆ, ನಡುವೆ, ದೊಡ್ಡದಾಗಿ ಬರಬೇಕು.

“ನಂಬರ್ ಕನ್ನಡ ಅಂಕೀಲಿ ಬರ್ದಿದೀರ. ಒಳ್ಳೇದೇ. ಆದ್ರೆ ನಿಮ್ ಕೈಯಲ್ಲಿ ಆರೂ ಒಂಬತ್ತೂ ಒಂದೇ ಥರ ಬಂದಿದೆ. ಕಂಡೋರು ಯಾರಿಗೆ ಫೋನ್ ಮಾಡ್ತಾರೆ?”

ವಸಂತಮ್ಮನ ಮುಖ ಬಿಳಿಚಿಕೊಂಡಿತು. ಕನ್ನಡದ ಅಂಕಿಯೇ ಆಗಬೇಕು ಅನ್ನುವುದು ರಂಗನಾಥನ ಹಟವಂತೆ, ಲಾರಿಯ ನಂಬರನ್ನೂ ಅವರು ಹಾಗೇ ಬರೆಸುತ್ತಿದ್ದರಂತೆ. ಇಷ್ಟು ದಿನ ಯಾರಾದರೂ ನೋಡಿ ತಪ್ಪು ನಂಬರಿಗೆ ಮಾಡಿರಬಹುದೇ ಅಂತ ಅವರು ಯೋಚಿಸುತ್ತಿದ್ದದ್ದು ನನಗೂ ತಿಳಿಯಿತು.

“ಮತ್ತೆ ಕೆಳಗೆ ಇರುವೆ ಸಾಲಿನಂಗೆ ಏನೋ ಬರ್ದಿದೀರಲ್ಲ, ‘ಮನೆಗೆ ಬನ್ನಿ, ಯಾರೂ ಏನೂ ಅನ್ನುವುದಿಲ್ಲ’ ಅಂತ. ಇದನ್ನ ತೆಗೀರಿ. ನೋಡೋರಿಗೆ ಇದ್ರಿಂದ ಉಪಯೋಗ ಇಲ್ಲ.”

“ಅದು ನೋಡೋರಿಗಲ್ಲ,” ಅಂದರು ವಸಂತಮ್ಮ. “ಅವರಿಗೆ.”

ಚನ್ನಬಸವಣ್ಣ ಫೋಟೋ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿದ.

“ಹಂಗಾದ್ರೆ ಅದು ಯಾಕಮ್ಮ ಇಷ್ಟು ಸಣ್ಣದು? ಅವ್ರೂ ಬಸ್ಸಿಂದಾನೇ ನೋಡೋದು. ಮುಖದ ಕೆಳಗೇ ಹಾಕಿ, ದಪ್ಪಗೆ. ತಡೀರಿ, ನಾನು ಕಂಪ್ಯೂಟರಲ್ಲೇ ಹೊಡೆದುಕೊಡ್ತೀನಿ.”

“ಬೇಡ ಬಿಡಿ. ನನ್ನ ಅಕ್ಷರ ಆದ್ರೆ ಅವರಿಗೆ ಗುರ್ತು ಸಿಗತ್ತೆ.”

ಅವನು ಒಪ್ಪಿದ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಾಲು ಎಳೆದು, ಯಾವುದು ಎಲ್ಲಿ ಅಂತ ತೋರಿಸಿ, ಕಪ್ಪು ಮಾರ್ಕರಿನಲ್ಲಿ ಮಾತ್ರ ಬರೆಯಿರಿ, ಜೆರಾಕ್ಸ್‌ನಲ್ಲಿ ಚೆನ್ನಾಗಿ ಬರುತ್ತದೆ ಅಂತ ಹೇಳಿದ. ಗಮ್‌ಟೇಪ್ ಅಕ್ಷರದ ಮೇಲೆ ಹತ್ತದ ಹಾಗೆ ಸುತ್ತ ಜಾಗ ಬಿಡಿಸಿದ. ನಾನು ರಂಗನಾಥನ ಮುಖ ದೊಡ್ಡದು ಮಾಡಿಕೊಟ್ಟೆ.

ಆ ಪೋಸ್ಟರ್ ನೋಡಿ ಚಿಕ್ಕಮಗಳೂರಿಂದ ಒಂದು ಫೋನ್ ಬಂತು. ವಸಂತಮ್ಮ, ಕುಮಾರ್ ಓಡಿದರು. ಅಲ್ಲಿದ್ದವನು ಹೋಟೆಲಿನಲ್ಲಿ ನೀರು ಹೊರುತ್ತಿದ್ದ ಬೇರೆ ಯಾರೋ. ಮರಳಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ್ದ ಪೋಸ್ಟರಿನ ಫೋಟೋ ತೆಗೆದುಕೊಂಡೇ ಬಂದರು. ಮತ್ತೆ ಅದೇ ಪ್ರಶ್ನೆ: “ಸಾಕಾ?”

“ಸಾಲ್ದು,” ಅಂದ ಚನ್ನಬಸವಣ್ಣ. “ಹೆಸರಿನ ಆಚೆ ಈಚೆ ಗಾಳಿ ಬೇಕು, ಇನ್ನಷ್ಟು ಜಾಗ ಬಿಡಿ.”

ಮತ್ತೆ ಬರೆದರು. ಮಳೆಗಾಲ ಬಂತೆಂದರೆ ಗೋಡೆಯ ಮೇಲಿನದೆಲ್ಲ ತೊಳೆದುಹೋಗುತ್ತಿತ್ತು. ಬಿಸಿಲು ಬಿದ್ದಾಗ ವಸಂತಮ್ಮ ಹೊಸ ಪೋಸ್ಟರಿನ ಫೋಟೋ ಹಿಡಿದು ಬರುತ್ತಿದ್ದರು. ಫೋನ್‌ಗಳು ನಿಂತೇಹೋದವು. ಊರವರು ಅವರ ಮುಂದೆ ರಂಗನಾಥನ ಮಾತೆತ್ತುವುದನ್ನು ಬಿಟ್ಟಿದ್ದರು, ಕುಮಾರ್ ಕೂಡ ಸಪ್ಪೆಯಾಗಿದ್ದ. ಇನ್ನೂ ‘ಸಾಲ್ದು’ ಅನ್ನುವವನು ಚನ್ನಬಸವಣ್ಣ ಒಬ್ಬನೇ ಉಳಿದಿದ್ದ. ಆಗ ನನಗದು ಹೊಳೆಯಲಿಲ್ಲ. “ಆ ಯಮ್ಮನ್ನ ಯಾಕೆ ಗೋಳು ಹುಯ್ಕೋತೀಯ? ಒಂದ್ಸಲ ಚೆನ್ನಾಗಿದೆ ಅಂದ್ರೆ ನಿನ್ನ ಗಂಟೇನು ಹೋಗತ್ತೆ?” ಅಂತ ನಾನೇ ಬೈದೆ.

ಮುಂದಿನ ಸಲ ಅವರು ಫೋಟೋ ತಂದಾಗ ನಾನೂ ಕತ್ತು ಚಾಚಿ ನೋಡಿದೆ. ಪ್ರಿಂಟ್ ಹಾಕಿದವನು ನಾನೇ ಆದರೂ ಅಂಗಡಿಯ ಬೆಳಕಿನಲ್ಲಿ ಅದು ಬೇರೆಯೇ ಕಂಡಿತು. ಮೇಲೆ ಒಂದೇ ಒಂದು ಪದ, ‘ಕಾಣೆಯಾಗಿದ್ದಾರೆ’. ಕೆಳಗೆ ರಂಗನಾಥನ ಮುಖ. ಅದರಡಿ ವಸಂತಮ್ಮನ ದುಂಡು ಅಕ್ಷರದಲ್ಲಿ ‘ಮನೆಗೆ ಬನ್ನಿ’. ಒತ್ತಕ್ಷರಗಳು ಹಾಯಾಗಿ ಇಳಿದಿದ್ದವು. ನಂಬರ್ ಬಿಡಿಬಿಡಿಯಾಗಿ, ಕುರುಡನಿಗೂ ಕಾಣುವ ಹಾಗಿತ್ತು.

ಚನ್ನಬಸವಣ್ಣ ಕೈ ಚಾಚಿ ನೋಡಿದ, ಹತ್ತಿರ ತಂದು ನೋಡಿದ, ಕಿಟಕಿಯ ಬಳಿ ಹೋಗಿ ನೋಡಿದ. ತಪ್ಪು ಹುಡುಕಿ ಹುಡುಕಿ ಸೋತ.

“ಸಾಕಾ?” ಅಂದರು ವಸಂತಮ್ಮ.

“ಸಾಕಮ್ಮ.”

ಅವನ ಮುಖದಲ್ಲಿ ಖುಷಿ ಇತ್ತು. ಆಣೆ ಮಾಡಿ ಹೇಳುತ್ತೇನೆ, ಖುಷಿಯೇ ಇತ್ತು. ವಸಂತಮ್ಮ ಮಾತ್ರ ಅವನನ್ನೇ ನೋಡುತ್ತಾ ನಿಂತರು.

“ನೀವೂ ಅಂದ್ಬಿಟ್ರಾ,” ಅಂದರು. ಫೋಟೋ ಈಸಿಕೊಂಡು, ಬ್ಯಾಗಿನಲ್ಲಿಟ್ಟು, “ಬರ್ತೀನಿ” ಅಂತ ಹೇಳಿ ಹೋದರು.

ಚನ್ನಬಸವಣ್ಣ ನನ್ನ ಮುಖ ನೋಡಿದ. “ಬರ್ದಿದ್ದು ಸಾಕು ಅಂದೆ ಕಣೋ. ಹುಡ್ಕಿದ್ದು ಸಾಕು ಅನ್ನಲಿಲ್ಲ.” ಅಷ್ಟರಲ್ಲಿ ಅರ್ಥವಾಗಿ ಹೊರಗೆ ಓಡಿದ. ಕಳಸದ ಬಸ್ಸು ಹೊರಟಾಗಿತ್ತು.

ಮರುದಿನ ಕಳಸಕ್ಕೇ ಹೋಗಿ ಬಂದ. ಏನಾಯಿತೆಂದು ಕೇಳಿದರೆ, “ಕಾಫಿ ಕೊಟ್ರು,” ಅಂದ, ಅಷ್ಟೇ. ಕುಮಾರ್ ಆಮೇಲೊಮ್ಮೆ ಸಿಕ್ಕಾಗ ಹೇಳಿದ, ಜೆರಾಕ್ಸ್ ಮಾಡಿಸಿಟ್ಟ ಪೋಸ್ಟರ್‌ಗಳೆಲ್ಲ ಹಾಗೇ ಅಟ್ಟದ ಮೇಲಿವೆಯಂತೆ. ಅಕ್ಕ ಒಂದನ್ನೂ ಅಂಟಿಸಲು ಬಿಡಲಿಲ್ಲವಂತೆ. “ತಿಳಿದವರೇ ಸಾಕು ಅಂದ ಮೇಲೆ ಇನ್ನೇನಿದೆ?” ಅಂದರಂತೆ. ರಂಗನಾಥ ಬರಲಿಲ್ಲ. ಎಲ್ಲಿಯೋ ಯಾವ ಬಸ್ಸಿನಿಂದಲೋ ಅವರು ಆ ಅಕ್ಷರ ನೋಡುತ್ತಿದ್ದರೋ ಇಲ್ಲವೋ, ಅದೂ ಇನ್ನು ಗೊತ್ತಾಗುವ ಹಾಗಿಲ್ಲ.

ಫ್ಲೆಕ್ಸ್ ಬಂದು ಚನ್ನಬಸವಣ್ಣನ ಅಂಗಡಿಯೂ ಮುಚ್ಚಿತು. ಮೊನ್ನೆ ಒಂದು ಮದುವೆಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದ. ಬಡಿಸುವವರು ಅನ್ನ ಹಾಕುತ್ತಲೇ ಇದ್ದರು. ಅವನು ಸುಮ್ಮನೆ ಎರಡೂ ಕೈ ಎಲೆಗೆ ಅಡ್ಡ ಹಿಡಿದ. ಬಡಿಸುವವನು ಕೇಳಿದ, “ಸಾಕಾ ಯಜಮಾನ್ರೇ?” ಚನ್ನಬಸವಣ್ಣ ಬಾಯಿ ತೆರೆಯಲಿಲ್ಲ. ನಾನೇ ಹೇಳಬೇಕಾಯಿತು.