ಉಕ್ಕಲು ಬಿಡದ ಹಾಲು

ಹೇಮಗಿರಿ ಪರಿಷೆಯಿಂದ ಅಣ್ಣ ಕೊಂಡು ತಂದ ಕೆಂಪು ಹಸು ಗಬ್ಬದ ಏಳನೆಯ ತಿಂಗಳಲ್ಲಿ ಕಂದು ಹಾಕಿತು. ಸತ್ತ ಕರುವನ್ನು ಬರಿಗೈಯಲ್ಲಿ ಎಳೆದು, ಕೊಟ್ಟಿಗೆ ತೊಳೆದವರು ಅತ್ತಿಗೆ. ಸ್ವಾತಂತ್ರ್ಯ ಇನ್ನೂ ಬಂದಿರದ ಕಾಲ, ನಾನಾಗ ಮೈಸೂರಿನಲ್ಲಿ ಬಿ.ಎಸ್‌ಸಿ. ಪರೀಕ್ಷೆ ಬರೆಯುತ್ತಿದ್ದೆ.

ರಜೆಗೆ ಬರುವ ಹೊತ್ತಿಗೆ ಅತ್ತಿಗೆ ಹಾಸಿಗೆ ಹಿಡಿದಿದ್ದರು. ಸಂಜೆ ಜ್ವರ ಏರುವುದು, ಬೆವರಿನಲ್ಲಿ ಸೀರೆ ನೆನೆಯುವುದು, ಸೊಂಟ ಮಂಡಿಗಳಲ್ಲಿ ನೋವು. ಹತ್ತು ದಿನ ಬಿಟ್ಟು ಹೋಗುವುದು, ಮತ್ತೆ ಬರುವುದು. ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಮಲೇರಿಯವೆಂದು ಕ್ವಿನೈನ್ ಕೊಟ್ಟಿದ್ದರು. ಕಿವಿಯಲ್ಲಿ ಗುಂಯ್‌ಗುಟ್ಟಿದ್ದೇ ಬಂತು. ಶಕ್ತಿ ಬರಲೆಂದು ಅವ್ವ ಆ ಹಸುವಿನ ಕಾಯಿಸದ ನೊರೆಹಾಲನ್ನೇ ದಿನವೂ ಕುಡಿಸುತ್ತಿದ್ದಳು.

ಕಂದು ಹಾಕುವ ಹಸುಗಳ ಹಾಲಿನಲ್ಲಿ ಒಂದು ರೋಗಾಣು ಇರುತ್ತದೆ, ಅದು ಮನುಷ್ಯರಿಗೂ ಏರಿಳಿಯುವ ಜ್ವರ ತರುತ್ತದೆ ಎಂದು ನಾನು ಓದಿದ್ದೆ. ಅವ್ವನಿಗೆ ಹೇಳಿದೆ.

"ಕಾಣದ ಉಳನ ನೀನೇ ಕಂಡ್ಬಂದ್ಯ?" ಎಂದು ಅವ್ವ ನಕ್ಕಳು. "ಓದ್ಸಿದ್ದು ಇದಕ್ಕೇಯಾ?"

"ಹಾಲು ಕಾಯಿಸಿ ಕೊಡವ್ವ, ಅಷ್ಟು ಸಾಕು."

"ಆಗ್ಲಿ ಬುಡು, ಕಾಯ್ಸೇ ಕೊಡ್ತೀನಿ."

ಅಂದಿನಿಂದ ಲೋಟದ ಹಾಲು ಬಿಸಿಯಾಗಿರುತ್ತಿತ್ತು. ಗೆದ್ದೆ ಅಂದುಕೊಂಡೆ. ಒಲೆಯ ಬಳಿ ಹೋಗಿ ನೋಡಲಿಲ್ಲ. ಅಡುಗೆಮನೆ ಅವ್ವನದು, ಹೇಳಿದ ಮೇಲೆ ಕಾವಲು ಕಾಯುವುದು ಸರಿಯೆನಿಸಲಿಲ್ಲ.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ನೀರಿಗೆಂದು ಒಳಗೆ ಹೋದೆ. ಅವ್ವ ಪಾತ್ರೆಯಲ್ಲಿ ಕಿರುಬೆರಳು ಅದ್ದಿ ನೋಡಿ, ಹಬೆ ಏಳುವ ಮೊದಲೇ ಇಳಿಸಿಬಿಟ್ಟಳು.

"ಅವ್ವ, ಕುದೀಲೇ ಇಲ್ಲ!"

"ಕಂದಾಕಿರೋ ಹಸಿನ ಹಾಲು ಕಣೇ. ಉಕ್ಕಿ ಒಲೆಗೆ ಬಿದ್ರೆ ಕೆಚ್ಚಲು ಬತ್ತೋಯ್ತದೆ. ಮೊದ್ಲೇ ಕರ ಇಲ್ಲ ಅದಕ್ಕೆ."

ನಮ್ಮ ಮನೆಯ ಪದ್ಧತಿ ಅದು. ಮರು ಗಬ್ಬ ನಿಲ್ಲುವ ತನಕ ಅಂಥ ಹಸುವಿನ ಹಾಲನ್ನು ಉಕ್ಕಿಸುವಂತಿಲ್ಲ. ನನಗೂ ಗೊತ್ತಿದ್ದ ಮಾತು, ಮರೆತಿದ್ದೆ. ಬೆರಳು ತಾಳುವ ಬಿಸಿಗೆ ಆ ರೋಗಾಣು ಸಾಯುವುದಿಲ್ಲ ಎಂದು ಬಿಡಿಸಿ ಹೇಳಬೇಕಿತ್ತು, ಹೇಳಿರಲಿಲ್ಲ.

ಅಂದು ಹಾಲನ್ನು ನಾನೇ ಮತ್ತೆ ಒಲೆಗಿಟ್ಟೆ. ಉಕ್ಕಿ ಮೇಲೆದ್ದಾಗ ಸೌಟಿನಿಂದ ಕಲಕಿ, ಇನ್ನಷ್ಟು ಕುದಿಯಲು ಬಿಟ್ಟೆ. ಒಂದು ಹನಿಯೂ ಬೂದಿಗೆ ಬೀಳಲಿಲ್ಲ. ಅವ್ವ ಕೊಟ್ಟಿಗೆಯ ಕಡೆ ತಿರುಗಿ ಕೈಮುಗಿದಳು.

ಶ್ರೀರಂಗಪಟ್ಟಣದ ಡಾಕ್ಟರ ಬಳಿಗೆ ಒಬ್ಬಳೇ ಹೋಗಿ ನನ್ನ ಅನುಮಾನ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. "ಇರಬಹುದಮ್ಮ. ಹಾಲಿನಿಂದಲೋ, ಆ ಕರು ಮುಟ್ಟಿದ ಕೈಯಿಂದಲೋ ಯಾರು ಹೇಳಬಲ್ಲರು? ಕಾಯಿಸಿದರೆ ಮಿಕ್ಕವರು ಉಳಿದುಕೊಳ್ಳುತ್ತೀರಿ. ಆಕೆಯ ಮೈಯೊಳಗೆ ಆಗಲೇ ಸೇರಿದ್ದಕ್ಕೆ ನನ್ನ ಹತ್ತಿರ ಔಷಧವಿಲ್ಲ."

ಹದಿನೈದು ದಿನ ನಾನೇ ಹಾಲು ಕುದಿಸಿದೆ, ಜ್ವರವೂ ಬಿಟ್ಟಿತ್ತು. ಹದಿನಾರನೆಯ ಸಂಜೆ ಅತ್ತಿಗೆ ಗೋಡೆಗೆ ಒರಗಿಕೊಂಡು ಕಂಬಳಿ ಕೇಳಿದರು. ಅವ್ವ ಅವರ ಹಣೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನೇಳ್ದಂಗೆ ಉಕ್ಕುಸಿದ್ದಾಯ್ತು ಕಣವ್ವ. ಇನ್ಯಾಕ್ ಜರ ಬಂತು?"

ನಾನು ಕಂಬಳಿ ತರಲು ಎದ್ದೆ.